ಕಾಲರಾ ಬಂದಾಗ ಮಾತ್ರೆಯೋ, ಟೆಟ್ರಾ ಪ್ಯಾಕೋ, ಓಆರ್‌ಎಸ್ ಪುಡಿಯೋ?

ನನ್ನ ಓಟು ಓಆರ್‌ಎಸ್ ಪುಡಿಗೆ. ಆಂಟಿಬಯೋಟಿಕ್ ಮಾತ್ರೆ ಎರಡನೇದು. ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಪಾನೀಯ ಲೆಕ್ಕಕ್ಕೇ ಇಲ್ಲ. ಭಾವಮೈದುನನಿಗೆ ಕಾಲರಾ ಆದಾಗ ಈ ಮೂರೂ ಒಂದೇ ದಿನ ನಮ್ಮ ಮನೆಗೆ ಬಂದವು.

ಮೊದಲು ಮಾತ್ರೆ. ಮನೆಯವರೆಲ್ಲ ನಂಬಿದ್ದು ಅದನ್ನೇ. ರೋಗಾಣು ಸತ್ತರೆ ಭೇದಿ ನಿಲ್ಲಬೇಕು ಅಲ್ವಾ? ಕಾಲರಾದಲ್ಲಿ ಹಾಗಾಗೋದಿಲ್ಲ. ರೋಗಾಣು ಕರುಳಿನ ಗೋಡೆಯೊಳಗೆ ನುಗ್ಗುವುದೇ ಇಲ್ಲ. ಮೇಲೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ. ಇದನ್ನು 1959ರಲ್ಲಿ ಕೋಲ್ಕತ್ತದ ವಿಜ್ಞಾನಿ ಶಂಭುನಾಥ್ ಡೇ ಮೊಲದ ಕರುಳಿನಲ್ಲಿ ತೋರಿಸಿದರು. ಆ ವಿಷ ಜೀವಕೋಶದೊಳಗೆ ಹೋಗಿ ಅಲ್ಲಿನ ಒಂದು ಸ್ವಿಚ್ಚನ್ನು ಆನ್ ಆದ ಹಾಗೇ ಕಚ್ಚಿ ನಿಲ್ಲಿಸಿಬಿಡುತ್ತದೆ. ಆಮೇಲೆ ಕೋಶ ಕ್ಲೋರೈಡನ್ನು ಕರುಳಿಗೆ ಸುರಿಯುತ್ತಲೇ ಇರುತ್ತದೆ. ಅದರ ಹಿಂದೆ ಸೋಡಿಯಂ ಹೋಗುತ್ತದೆ, ಅದರ ಹಿಂದೆ ನೀರು. ಜೋರಾಗಿದ್ದರೆ ದೊಡ್ಡವರಿಗೆ ಗಂಟೆಗೆ 1 ಲೀಟರ್‌ವರೆಗೂ ಹೋಗಬಹುದು. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಹೊಸ ವಿಷ ತಯಾರಾಗದಂತೆ ನೋಡಿಕೊಳ್ಳುತ್ತದೆ. ಆಗಲೇ ಒಳಗೆ ಸೇರಿದ ವಿಷವನ್ನು ಅದು ಮುಟ್ಟೋದಿಲ್ಲ. ಅಷ್ಟು ಹೊತ್ತಿಗೆ ಮೈಯಲ್ಲಿ ನೀರು ಖಾಲಿಯಾಗಿ ರಕ್ತದ ಒತ್ತಡ ಕುಸಿದರೆ ಜೀವಕ್ಕೇ ಅಪಾಯ.

ಅವನ ಮೊದಲ ಮಾತ್ರೆ ವಾಂತಿಯಲ್ಲೇ ಹೋಯಿತು. ವಾಂತಿ ನಿಂತ ಮೇಲೆ ಡಾಕ್ಟರು ಡಾಕ್ಸಿಸೈಕ್ಲಿನ್ 300 ಮಿಲಿಗ್ರಾಂ ಒಂದೇ ಸಲಕ್ಕೆ ಕೊಟ್ಟರು. ಅದರಿಂದ ಭೇದಿಯ ಪ್ರಮಾಣ, ದಿನ ಎರಡೂ ಕಮ್ಮಿಯಾಗುತ್ತವೆ. ಅದಕ್ಕೇ ಎರಡನೇ ಸ್ಥಾನ.

ಟೆಟ್ರಾ ಪ್ಯಾಕ್: ಸಕ್ಕರೆ ಜಾಸ್ತಿ, ಉಪ್ಪು ಕಮ್ಮಿ. ಸಕ್ಕರೆ ಜಾಸ್ತಿಯಾದರೆ ಅದೇ ಕರುಳಿಗೆ ನೀರು ಎಳೆದುಕೊಳ್ಳುತ್ತದೆ. ಬೆಲೆಯೂ ದುಬಾರಿ. ಮುಂದಕ್ಕೆ ಹೋಗೋಣ.

ಪುಡಿ ಯಾಕೆ ಗೆಲ್ಲುತ್ತದೆ ಅಂದರೆ, ವಿಷ ಒಂದು ಬಾಗಿಲನ್ನು ಕೆಡಿಸದೆ ಬಿಟ್ಟಿರುತ್ತದೆ. ಗ್ಲೂಕೋಸ್ ಮತ್ತು ಸೋಡಿಯಂ ಜೋಡಿಯಾಗಿ ಒಳಗೆ ಹೋಗುವ ದಾರಿ ಅದು. ಅವುಗಳ ಜೊತೆ ನೀರೂ ಒಳಗೆ ಬರುತ್ತದೆ. ಬರೀ ನೀರು ಕುಡಿದರೆ ಈ ದಾರಿ ಸಿಗೋದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬೋನಗಾಂವ್ ಶಿಬಿರದಲ್ಲಿ ಡ್ರಿಪ್ ಮುಗಿದುಹೋಗಿ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಈ ದ್ರಾವಣ ಕೊಟ್ಟಾಗ, ಶೇ 30ರ ಆಸುಪಾಸಿನಲ್ಲಿದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು.

ಈಗ ನನ್ನ ತಲೆ ಕೆಡಿಸಿದ ವಿಷಯ. ಅಂಗಡಿಯಲ್ಲಿ ಎರಡು ಸೈಜಿನ ಪ್ಯಾಕೆಟ್ ಇರುತ್ತವೆ. 21 ಗ್ರಾಂ ಆಸುಪಾಸಿನದು 1 ಲೀಟರ್ ನೀರಿಗೆ, 4 ಗ್ರಾಂ ಚಿಲ್ಲರೆಯದು 200 ಮಿಲಿಗೆ. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ, ನೀರಿನ ಅಳತೆ ಮಾತ್ರ ಹಿಂದುಗಡೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಅಂಗಡಿಯವನು ‘ಒಂದು ಲೋಟಕ್ಕೆ ಹಾಕಿ ಕುಡಿಸಿ’ ಅಂದು ಕೊಟ್ಟದ್ದು ದೊಡ್ಡದು! ಹಾಗೆ ಕಲಸಿದರೆ ಐದು ಪಟ್ಟು ಗಟ್ಟಿ. ಆಗ ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಉಪ್ಪೂ ಏರುತ್ತದೆ. ನಾಲಿಗೆಗೇ ಗೊತ್ತಾಗುತ್ತದೆ: ಸರಿಯಾಗಿ ಕಲಸಿದ್ದು ಕಣ್ಣೀರಿಗಿಂತ ಉಪ್ಪಾಗಿರಬಾರದು. ಪ್ಯಾಕೆಟನ್ನು ಅರ್ಧ ಮಾಡಿ ಕಲಸೋಕೂ ಹೋಗಬೇಡಿ, ಪುಡಿ ಸಮನಾಗಿ ಬೆರೆತಿರೋದಿಲ್ಲ. ಕಲಸಿದ್ದನ್ನು 24 ಗಂಟೆ ಆದ ಮೇಲೆ ಚೆಲ್ಲಬೇಕು.

ಭಾವಮೈದುನನ ತೂಕ 60 ಕೆಜಿ. ಕಣ್ಣು ಗುಳಿಬಿದ್ದಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತಿತ್ತು. ಆದರೆ ಎಚ್ಚರವಿದ್ದ, ಕುಡಿಯುತ್ತಿದ್ದ. ಡಾಕ್ಟರ ಲೆಕ್ಕ ಕೆಜಿಗೆ 75 ಮಿಲಿ, ಅಂದರೆ 4 ಗಂಟೆಯಲ್ಲಿ ನಾಲ್ಕೂವರೆ ಲೀಟರ್. ಸುಮಾರು ಹತ್ತು ನಿಮಿಷಕ್ಕೊಂದು ಲೋಟ! ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಗುಟುಕು ಗುಟುಕಾಗಿ ಮತ್ತೆ ಶುರು. ಅಕ್ಕಿ ತೊಳೆದ ನೀರಿನಂಥ ಭೇದಿ ಮಾತ್ರ ನಿಲ್ಲಲೇ ಇಲ್ಲ. ಅತ್ತೆ ‘ಇದೇನು ಔಷಧಿ, ಕುಡಿದದ್ದೆಲ್ಲ ಹೋಗ್ತಿದೆ’ ಅಂತ ಬೈದರು. ಪುಡಿಯ ಕೆಲಸ ಭೇದಿ ನಿಲ್ಲಿಸೋದಲ್ಲ, ಹೋದದ್ದನ್ನು ತುಂಬೋದು. ಗುಣ ಕಂಡದ್ದು ಬೇರೆ ಕಡೆ: ಮಧ್ಯಾಹ್ನದ ಹೊತ್ತಿಗೆ ಮೂತ್ರ ಬಂತು, ಮಣಿಕಟ್ಟಿನ ನಾಡಿ ಗಟ್ಟಿಯಾಯಿತು.

ಪುಡಿ ಸೋಲುವ ಜಾಗವೂ ಇದೆ. ನಾಡಿ ಸಿಗದಿದ್ದರೆ, ಮಂಪರಿನಲ್ಲಿದ್ದು ಕುಡಿಯೋಕೇ ಆಗದಿದ್ದರೆ, ತಕ್ಷಣ ಆಸ್ಪತ್ರೆ, ರಿಂಗರ್ಸ್ ಲ್ಯಾಕ್ಟೇಟ್ ಅನ್ನೋ ಲವಣ ದ್ರಾವಣದ ಡ್ರಿಪ್. ಅದೇ 60 ಕೆಜಿಗೆ ಮೊದಲ ಅರ್ಧ ಗಂಟೆಯಲ್ಲೇ 1.8 ಲೀಟರ್, ಮುಂದಿನ ಎರಡೂವರೆ ಗಂಟೆಯಲ್ಲಿ 4.2 ಲೀಟರ್. ಅಲ್ಲೂ ಅವಸರವೆಲ್ಲ ನೀರಿನದೇ.

ನಮ್ಮ ಮನೆಯಲ್ಲಿ ಕುಡಿಯೋದು 1 ಲೀಟರ್ ಬಾಟಲಿಯಿಂದ, ಹಾಗಾಗಿ ನಾನು ತರೋದು ದೊಡ್ಡ ಪ್ಯಾಕೆಟ್ ಮಾತ್ರ. ಐದಾರು ಪ್ಯಾಕೆಟ್ ತಂದರೂ ಜೇಬಿಗೆ ಭಾರವಿಲ್ಲ. ಲೋಟದಲ್ಲೇ ಅಳೆಯುವ ಮನೆಗಳಿಗೆ ಚಿಕ್ಕದೇ ವಾಸಿ.