ಡೈವೋರ್ಸ್ ಆಗಿದೆ ಅಂದರೆ ಸಾಲದು, ಆರ್ಡರ್ ಮೇಲಿನ ತಾರೀಖು ನೋಡಿ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳು ಒದ್ದಾಡಿದೆ. ನಾಚಿಕೆ ಆಗುತ್ತದೆ. ಎಂ.ಕಾಂ. ಓದಿದವಳು ನಾನು, ಆಫೀಸಿನಲ್ಲಿ ದಿನವಿಡೀ ಬಿಲ್ಲಿನ ತಾರೀಖು ನೋಡಿಯೇ ಪಾಸ್ ಮಾಡುವ ಕೆಲಸ. ನನ್ನ ಮದುವೆಯ ವಿಷಯದಲ್ಲಿ ಮಾತ್ರ ಒಂದು ತಾರೀಖು ನೋಡಲಿಲ್ಲ. ಅದಕ್ಕೆ ಎರಡು ವರ್ಷ ಹೋಯಿತು.

ನಮ್ಮದು ಧಾರವಾಡ. 2023ರ ಫೆಬ್ರವರಿ 12ಕ್ಕೆ ಮದುವೆ. ಹುಡುಗ ಬೆಂಗಳೂರಿನಲ್ಲಿ ಕೆಲಸ, ಮನೆತನ ಗದಗ ಕಡೆ. ಜಾತಕ ಕೂಡಿತು, ಕಾರ್ಯಾಲಯದಲ್ಲಿ ಮದುವೆ ಆಯಿತು, ಮರುವಾರ ರಿಜಿಸ್ಟ್ರೇಷನ್ ಕೂಡ ಆಯಿತು. ಅರ್ಜಿಯಲ್ಲಿ ವರನ ಹೆಸರಿನ ಮುಂದೆ 'ಅವಿವಾಹಿತ' ಅಂತ ಅವನೇ ಕೈಯಾರೆ ಬರೆದಿದ್ದ. ಇದನ್ನು ನೆನಪಿಡಿ.

ಜೂನ್ ಮೊದಲ ವಾರ. ಮನೆ ಬಾಡಿಗೆ ಕರಾರಿನ ಪತ್ರ ಹುಡುಕುತ್ತಾ ಅಲ್ಮೆರಾದ ಕೆಳಗಿನ ಖಾನೆ ತೆಗೆದೆ. ಒಂದು ಎಲ್‌ಐಸಿ ಬಾಂಡ್ ಸಿಕ್ಕಿತು. ನಾಮಿನಿ ಜಾಗದಲ್ಲಿ ಒಬ್ಬ ಹೆಂಗಸಿನ ಹೆಸರು, ಸಂಬಂಧ ಅನ್ನುವಲ್ಲಿ 'ಹೆಂಡತಿ'. ಪಾಲಿಸಿ 2019ರದ್ದು. ನಾನು ಆ ಬಾಂಡ್ ಹಿಡಿದುಕೊಂಡು ಹಾಸಿಗೆ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕುಕ್ಕರ್ ಕೂಗಿ ಕೂಗಿ ಬೇಳೆ ಸೀದಿತ್ತು.

ಸಂಜೆ ಕೇಳಿದೆ. ಅವನಿಗೆ ಗಾಬರಿಯೇ ಆಗಲಿಲ್ಲ. "ಓ ಅದಾ? ಅದು ಹಳೇ ಕಥೆ. ಡೈವೋರ್ಸ್ ಆಗಿದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ." ಅತ್ತೆಗೆ ಫೋನ್ ಮಾಡಿದರೆ ಅವರದು ಇನ್ನೊಂದು ರಾಗ. "ಅದು ಮುಗದ ಹೋದ ಮಾತು ಬಿಡವಾ. ಎಲ್ಲಾ ಕೋರ್ಟಿನಾಗ ಚೊಕ್ಕ ಆಗ್ಯದ. ನಿನಗ ಏನು ಕಡಿಮಿ ಆಗೇದ ಹೇಳು?" ಏನು ಕಡಿಮೆ ಆಗಿದೆ! ಆ ಮಾತು ಈಗಲೂ ಕಿವಿಯಲ್ಲಿದೆ.

ಅದೇ ರಾತ್ರಿ ಅವನೇ ವಾಟ್ಸಾಪ್‌ನಲ್ಲಿ ಡಿಕ್ರಿಯ, ಅಂದರೆ ಕೋರ್ಟಿನ ಡೈವೋರ್ಸ್ ಆದೇಶದ, ಪಿಡಿಎಫ್ ಕಳಿಸಿದ. "ನೋಡ್ಕೋ, ನಾನೇನು ಸುಳ್ಳು ಹೇಳ್ತಿಲ್ಲ." ಮೂರು ಪುಟ. ತೆಗೆದು ನೋಡಿದೆ. ಅವನ ಹೆಸರಿತ್ತು, ಅವಳ ಹೆಸರಿತ್ತು, ಕೋರ್ಟಿನ ದುಂಡನೆಯ ಸೀಲ್ ಇತ್ತು. ಅಷ್ಟೇ ನೋಡಿದ್ದು. ಅಳುತ್ತಾ ಮುಚ್ಚಿಟ್ಟೆ.

ಆಷಾಢಕ್ಕೆ ತವರಿಗೆ ಬಂದೆ, ಎಲ್ಲಾ ಹೇಳಿದೆ. ಅಪ್ಪ ಎರಡು ದಿನ ಮಾತೇ ಆಡಲಿಲ್ಲ. ಆಮೇಲೆ ದೊಡ್ಡಪ್ಪ, ಸೋದರಮಾವ, ಎದುರು ಮನೆಯವರು, ಎಲ್ಲರದೂ ಒಂದೇ ಮಾತು: ಡೈವೋರ್ಸ್ ಆಗಿದೆಯಲ್ಲ, ಹೊಂದಿಕೊಂಡು ಹೋಗು. ಆ ವರ್ಷ ಅಧಿಕ ಶ್ರಾವಣ ಬೇರೆ. ಅಳಿಯನನ್ನು ಕರೆಸಿದರು. ಬೆಳ್ಳಿ ತಟ್ಟೆಯಲ್ಲಿ 33 ಅನಾರಸ ಇಟ್ಟು, ಮೇಲೆ ದೀಪ ಇಟ್ಟು ಬಾಗಿನ ಕೊಟ್ಟರು. ಫೋಟೋ ತೆಗೆದರು. ನಾನು ಫೋಟೋದಲ್ಲಿ ನಗುತ್ತಿದ್ದೇನೆ. ಆಗಸ್ಟ್ ಮೊದಲ ವಾರ ಅವನ ಜೊತೆ ಬೆಂಗಳೂರಿಗೆ ಹೋದೆ.

ದೀಪಾವಳಿವರೆಗೆ ಇದ್ದೆ. ಆ ಮೂರು ತಿಂಗಳ ಕಥೆ ಇಲ್ಲಿ ಬೇಡ. ನವೆಂಬರ್ ಕೊನೆಗೆ ಬ್ಯಾಗ್ ತೆಗೆದುಕೊಂಡು ಧಾರವಾಡದ ಬಸ್ ಹತ್ತಿದೆ.

2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪರಿಚಯದವರ ಮೂಲಕ ಒಬ್ಬ ವಕೀಲರನ್ನು ಹಿಡಿದೆವು. 40,000 ಮುಂಗಡ. ಅವರು ಹೇಳಿದ್ದಿಷ್ಟು. ಮದುವೆಯಾಗಿ ಒಂದು ವರ್ಷ ಆಗದೆ ಡೈವೋರ್ಸ್ ಅರ್ಜಿ ಸಾಮಾನ್ಯವಾಗಿ ಹಾಕುವಂತಿಲ್ಲ. ವಿಪರೀತ ಕಷ್ಟ ಇದ್ದರೆ ಮಾತ್ರ ಕೋರ್ಟಿನ ವಿಶೇಷ ಅನುಮತಿ ಕೇಳಬೇಕು. ಆದರೆ ಇಲ್ಲಿ ಡೈವೋರ್ಸೇ ಬೇಡ. ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ ಇದೆ, ಮದುವೆಯನ್ನೇ ರದ್ದು ಮಾಡಿಸೋಣ. ಮೊದಲ ಮದುವೆ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದು ವಂಚನೆ. ಇದಕ್ಕೆ ವಾಯ್ಡಬಲ್ ಅಂತಾರೆ. ಅಂದರೆ ಮದುವೆ ಊರ್ಜಿತವೇ, ಆದರೆ ಮೋಸ ಹೋದವರು ಬೇಡ ಅಂದರೆ ಕೋರ್ಟು ಕಿತ್ತುಹಾಕಬಹುದು. ಮೋಸ ಗೊತ್ತಾಗಿ ಒಂದು ವರ್ಷದ ಒಳಗೆ ಅರ್ಜಿ ಹಾಕಬೇಕು, ನಿಮಗಿನ್ನೂ ಟೈಮ್ ಇದೆ.

ಕೇಳಿ ಖುಷಿಯಾಯಿತು. ಅವರು ಹೇಳಿದ್ದು ಸುಳ್ಳೂ ಅಲ್ಲ. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಷರತ್ತಿದೆ. ಮೋಸ ಗೊತ್ತಾದ ಮೇಲೂ ಪೂರ್ತಿ ಒಪ್ಪಿಗೆಯಿಂದ ಗಂಡ ಹೆಂಡತಿಯಾಗಿ ಬಾಳಿದ್ದರೆ ಅರ್ಜಿ ನಿಲ್ಲುವುದಿಲ್ಲ. ಅವರು ನನ್ನನ್ನು "ಗೊತ್ತಾದ ಮೇಲೆ ವಾಪಸ್ ಹೋಗಿದ್ದಿರಾ?" ಅಂತ ಕೇಳಲೇ ಇಲ್ಲ. ನನಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಆ ಕಡೆಯವರಿಗೆ ಹೊಳೆಯಿತು. ತಕರಾರು ಅರ್ಜಿಯ ಜೊತೆ ಏನು ಲಗತ್ತಿಸಿದ್ದರು ಗೊತ್ತಾ? ಅನಾರಸದ ಫೋಟೋ. ನಾನು ನಗುತ್ತಿರುವುದು, ಅವನು ತಟ್ಟೆ ಹಿಡಿದಿರುವುದು. ಕೆಳಗೆ ತಾರೀಖು. "ಎಲ್ಲಾ ವಿಷಯ ತಿಳಿದ ನಂತರವೂ ಅರ್ಜಿದಾರರು ಸ್ವಇಚ್ಛೆಯಿಂದ ಸಂಸಾರ ಮಾಡಿದ್ದಾರೆ." ನಮ್ಮಮ್ಮ ಎರಡು ದಿನ ಕೂತು ಕರಿದ ಅನಾರಸ ನನ್ನ ವಿರುದ್ಧವೇ ಸಾಕ್ಷಿ. ಓದಿ ಕೈ ನಡುಗಿತು.

ಕೋರ್ಟಿನ ಕಾರಿಡಾರಿನಲ್ಲಿ ಅವನು ಹೇಳಿದ್ದು: "ಸುಮ್ನೆ ಯಾಕೆ ಎಳೀತೀಯಾ? ಇಬ್ಬರೂ ಒಪ್ಪಿ ಮ್ಯೂಚುಯಲ್ ಡೈವೋರ್ಸ್‌ಗೆ ಸೈನ್ ಹಾಕೋಣ, ಆರು ತಿಂಗಳಲ್ಲಿ ಫ್ರೀ. ಇಲ್ಲಾಂದ್ರೆ ವರ್ಷಗಟ್ಟಲೆ ಓಡಾಡು." ಪ್ರತಿ ತಾರೀಖಿಗೂ ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದವಳು ನಾನು. ಹೂಂ ಅನ್ನುವ ಹಂತಕ್ಕೆ ಬಂದಿದ್ದೆ. ನಿಜ ಹೇಳ್ತೀನಿ, ಪೆನ್ ಹಿಡಿಯುವುದೊಂದೇ ಬಾಕಿ.

ಅಪ್ಪನ ಗೆಳೆಯರೊಬ್ಬರು ಧಾರವಾಡದಲ್ಲೇ ಒಬ್ಬ ಹಿರಿಯ ವಕೀಲೆಯ ಹತ್ತಿರ ಕರೆದುಕೊಂಡು ಹೋದರು. ಫೈಲ್ ತೆಗೆಯುವ ಮೊದಲೇ ಅವರು ಕೇಳಿದ ಪ್ರಶ್ನೆ: "ಅವನ ಮೊದಲ ಡೈವೋರ್ಸ್ ಡಿಕ್ರಿ ತಾರೀಖು ಯಾವುದಮ್ಮಾ?"

ಗೊತ್ತಿಲ್ಲ ಮೇಡಂ, ಪಿಡಿಎಫ್ ಇದೆ ಅಂದೆ. ಮೊಬೈಲಿನಲ್ಲಿ ಹುಡುಕಿ ಕೊಟ್ಟೆ. ಅವರು ಕನ್ನಡಕ ಮೇಲೆ ಮಾಡಿ ಕೊನೆಯ ಪುಟಕ್ಕೆ ಹೋದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿ ಉಗುರಿನಿಂದ ತೋರಿಸಿದರು. 21-04-2023.

ನನ್ನ ಮದುವೆ ಫೆಬ್ರವರಿ 12. ಡಿಕ್ರಿ ಏಪ್ರಿಲ್ 21. ನನಗೆ ತಾಳಿ ಕಟ್ಟಿ 68 ದಿನ ಆದ ಮೇಲೆ ಅವನಿಗೆ ಡೈವೋರ್ಸ್ ಆಗಿದೆ! ಆ ಪಿಡಿಎಫ್ ಅಷ್ಟೂ ತಿಂಗಳು ನನ್ನ ಫೋನಿನಲ್ಲೇ ಇತ್ತು. ಅವನೇ ಕಳಿಸಿದ್ದು. ನಾನೇ ತೆರೆದು ನೋಡಿದ್ದು. ಬಿಲ್ ಪಾಸ್ ಮಾಡುವವಳು!

ಆಗಿದ್ದು ಇಷ್ಟು. 2022ರ ಅಕ್ಟೋಬರಿನಲ್ಲಿ ಅವನೂ ಮೊದಲ ಹೆಂಡತಿಯೂ ಮ್ಯೂಚುಯಲ್ ಅರ್ಜಿ ಹಾಕಿದ್ದರು. ಆ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು, ಆಮೇಲೆ ಇಬ್ಬರೂ ಮತ್ತೆ ಹೋಗಿ ಹೌದು ಅನ್ನಬೇಕು, ಆಗ ಡಿಕ್ರಿ. ಕೆಲವು ಕೇಸುಗಳಲ್ಲಿ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಇವರು ಅದನ್ನೂ ಕೇಳಿರಲಿಲ್ಲ. ಸೈನ್ ಹಾಕಿದೆವು ಅಂದರೆ ಮುಗಿಯಿತು ಅಂದುಕೊಂಡು, ನಡುವೆಯೇ ಮುಹೂರ್ತ ಇಟ್ಟುಬಿಟ್ಟರು.

ವಕೀಲೆ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳ್ತೀನಿ. ಮದುವೆಯ ದಿನ ಇಬ್ಬರಲ್ಲಿ ಯಾರಿಗಾದರೂ ಬದುಕಿರುವ ಗಂಡನೋ ಹೆಂಡತಿಯೋ ಇದ್ದರೆ ಆ ಮದುವೆ ವಾಯ್ಡ್, ಅಂದರೆ ಮೊದಲ ದಿನದಿಂದಲೇ ಅದು ಮದುವೆಯೇ ಅಲ್ಲ. ಅದು 11ನೇ ಸೆಕ್ಷನ್. ಇಲ್ಲಿ ಒಂದು ವರ್ಷದ ಗಡುವು ಇಲ್ಲ. ವಾಪಸ್ ಹೋಗಿ ಬಾಳಿದ್ದು, ಅನಾರಸ, ಫೋಟೋ, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ನಾನು ಒಪ್ಪಿದೆನಾ ಇಲ್ಲವಾ ಅನ್ನುವ ಪ್ರಶ್ನೆಯೇ ಇಲ್ಲ. ಇಬ್ಬರೂ ಒಪ್ಪಿದರೂ ಇಲ್ಲದ ಮದುವೆ ಇದೆ ಅಂತಾಗದು. ಅದೇ ಡಿಕ್ರಿ ಜನವರಿ ತಾರೀಖಿನದ್ದಾಗಿದ್ದರೆ? ಆಗ ಮದುವೆ ವಾಯ್ಡ್ ಅಲ್ಲ. ಮುಚ್ಚಿಟ್ಟದ್ದು ವಂಚನೆ, ವಾಯ್ಡಬಲ್, ಫೋಟೋ ಇಟ್ಟು ಅವರು ಗುದ್ದಾಡುತ್ತಿದ್ದರು. ಮನೆಯವರ ಒತ್ತಾಯಕ್ಕೆ ಹೋದೆ, ಅದು ಪೂರ್ತಿ ಒಪ್ಪಿಗೆ ಅಲ್ಲ ಅಂತ ನಾನು ವಾದಿಸಬಹುದಿತ್ತು, ಗೆಲುವು ಗ್ಯಾರಂಟಿ ಇರಲಿಲ್ಲ. ಒಂದು ತಾರೀಖಿನಲ್ಲಿ ಇಡೀ ಕೇಸು ತಿರುಗಿತು.

"ಹಾಗಾದರೆ ಕೋರ್ಟಿಗೆ ಯಾಕೆ ಹೋಗಬೇಕು, ಮದುವೆಯೇ ಅಲ್ಲವಲ್ಲ?" ಅಂತ ನಾನೂ ಕೇಳಿದೆ. ಅವರು ನಕ್ಕರು. "ರಿಜಿಸ್ಟ್ರಾರ್ ಕೊಟ್ಟ ಸರ್ಟಿಫಿಕೇಟ್ ಇದೆಯಲ್ಲ, ಅದನ್ನೇನು ಮಾಡ್ತೀಯಮ್ಮಾ? ಪಾಸ್‌ಪೋರ್ಟಿನಲ್ಲಿ ಅವನ ಹೆಸರಿದೆಯಲ್ಲ?" ಕೋರ್ಟು ಶೂನ್ಯ ಅಂತ ಘೋಷಿಸಿದ ಕಾಗದ ಕೈಯಲ್ಲಿ ಇರಲೇಬೇಕು.

ಬೆಂಗಳೂರಿನ ಅರ್ಜಿಯನ್ನು, ಹೊಸದು ಹಾಕುವ ಅನುಮತಿ ಸಮೇತ ವಾಪಸ್ ತೆಗೆದೆವು. ಧಾರವಾಡದಲ್ಲೇ 11ನೇ ಸೆಕ್ಷನ್ ಅರ್ಜಿ ಹಾಕಿದೆವು. ಹೆಂಡತಿ ತಾನು ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು ಅಂತ 2003ರಿಂದಲೇ ಕಾನೂನಿದೆಯಂತೆ. ಮೊದಲನೇ ವಕೀಲರು ಅದನ್ನೂ ಹೇಳಿರಲಿಲ್ಲ. ಆ ರಾತ್ರಿ ಬಸ್ಸುಗಳ ಲೆಕ್ಕ ಯಾರಿಗೆ ಕೇಳಲಿ?

ಅವರ ವಾದ ಕೇಳಬೇಕು ನೀವು. "ಈಗ ಡಿಕ್ರಿ ಬಂದಿದೆಯಲ್ಲ, ಹಾಗಾಗಿ ಮದುವೆ ತಾನಾಗಿ ಸರಿಹೋಗಿದೆ." ಆಗುವುದಿಲ್ಲ. ಕಾಯ್ದೆ ಕೇಳುವುದು ಮದುವೆಯ ದಿನದ ಸ್ಥಿತಿಯನ್ನು. ಮೊದಲ ಕೇಸಿನ ದಾಖಲೆಯನ್ನು ಕೋರ್ಟೇ ತರಿಸಿತು, 'ಅವಿವಾಹಿತ' ಅಂತ ಬರೆದ ಅರ್ಜಿಯೂ ಬಂತು. ಆಮೇಲೆ ಅತ್ತೆ ನಮ್ಮ ಅಪ್ಪನಿಗೆ ಫೋನ್ ಮಾಡಿ, "ವಾಯ್ಡ್ ಅಂದ್ರ ನಿಮ್ಮ ಮಗಳಿಗೆ ಒಂದು ರೂಪಾಯಿ ಬರಂಗಿಲ್ಲ ನೋಡ್ರಿ, ಮ್ಯೂಚುಯಲ್‌ಗೆ ಒಪ್ಪಿದ್ರ ಏನರೆ ಕೊಡ್ತೀವಿ" ಅಂದರು. ಅದೂ ಸುಳ್ಳು. ವಾಯ್ಡ್ ಮದುವೆಯಲ್ಲೂ ಕೋರ್ಟು ಪರಿಸ್ಥಿತಿ ನೋಡಿ ಶಾಶ್ವತ ಜೀವನಾಂಶ ಕೊಡಿಸಬಹುದು ಅಂತ ಸುಪ್ರೀಂ ಕೋರ್ಟ್ 2025ರ ಫೆಬ್ರವರಿಯಲ್ಲಿ ಹೇಳಿದೆ. ಕೊಡಲೇಬೇಕು ಅಂತೇನಿಲ್ಲ, ಕೊಡಬಹುದು. ಮಕ್ಕಳಿದ್ದವರು ಹೆದರಬೇಡಿ, ಇಂಥ ಮದುವೆಯ ಮಕ್ಕಳನ್ನು ಕಾಯ್ದೆಯೇ ನ್ಯಾಯಬದ್ಧ ಅನ್ನುತ್ತದೆ.

ನನ್ನಂತೆ ಆಗಬಾರದು ಅಂದರೆ: ಗಂಡಿಗಾಗಲಿ ಹೆಣ್ಣಿಗಾಗಲಿ ಮೊದಲ ಮದುವೆ ಆಗಿತ್ತು ಅಂತ ಗೊತ್ತಾದರೆ ಬಾಯಿಮಾತು, ಸ್ಟಾಂಪ್ ಪೇಪರಿನ ಒಪ್ಪಂದ, ಅರ್ಜಿಯ ನಕಲು ಯಾವುದನ್ನೂ ನಂಬಬೇಡಿ, ಡಿಕ್ರಿ ಕೇಳಿ, ತಾರೀಖು ಓದಿ. ಮೋಸ ಗೊತ್ತಾದರೆ ವಾಪಸ್ ಹೋಗುವ ಮೊದಲು ವಕೀಲರನ್ನು ಕಾಣಿ. ಆಮೇಲೆ ಅಲ್ಲ, ಮೊದಲು. ಹೊಂದಿಕೊಂಡು ಹೋಗು ಅನ್ನುವ ದೊಡ್ಡಪ್ಪಂದಿರು ಕೋರ್ಟಿಗೆ ನಿಮ್ಮ ಜೊತೆ ಬರುವುದಿಲ್ಲ.

ಹೋದ ತಿಂಗಳು ಆದೇಶ ಬಂತು. ಮದುವೆ ಶೂನ್ಯ. ನಾನು ಡೈವೋರ್ಸಿ ಅಲ್ಲ, ಕಾಗದದ ಪ್ರಕಾರ ನನಗೆ ಮದುವೆಯೇ ಆಗಿಲ್ಲ. ಅಮ್ಮ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು. ನಾನು ಮೊದಲು ಕೊನೆಯ ಪುಟಕ್ಕೆ ಹೋಗಿ ತಾರೀಖು ನೋಡಿದೆ. ಬೆಳ್ಳಿ ತಟ್ಟೆ ಇನ್ನೂ ಅವರ ಹತ್ತಿರವೇ ಇದೆ.