ಒಂದೇ ಗೋಡೆಗೆ ಎರಡು ಕಿಟಕಿಯೋ, ಎದುರುಬದುರು ಒಂದೊಂದೋ?

ಕುಂಬಳೆ ಕಡೆ ಮುರಕಲ್ಲಿನ ಮನೆ ಕಟ್ಟುವವರು ಮಲಗುವ ಕೋಣೆಗೆ ಪಡುವಣ ಗೋಡೆಯಲ್ಲೇ ಎರಡು ಕಿಟಕಿ ಇಡಿಸುವುದುಂಟು. ಕಡಲಗಾಳಿ ಆ ಕಡೆಯಿಂದಲೇ ಬರುತ್ತದೆ ಅಲ್ವಾ? ಆದರೆ ಬಾಗಿಲು ಹಾಕಿದರೆ ಒಳಗೆ ಬಂದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಅದು ಕಿಟಕಿಯ ಹತ್ತಿರವೇ ಸುಳಿದು ನಿಲ್ಲುತ್ತದೆ. ಮಂಚದವರೆಗೆ ಬರುವುದಿಲ್ಲ. ಜೊತೆಗೆ ಸಂಜೆ ಬಿಸಿಲು ಎರಡರಿಂದಲೂ ಒಳಗೆ ಬೀಳುತ್ತದೆ.

10×12 ಅಡಿಯ ಕೋಣೆಗೆ ಪಡುವಣದಲ್ಲಿ ಒಂದು, ಮೂಡಣದಲ್ಲಿ ಒಂದು ಕಿಟಕಿ ಇಟ್ಟು ನೋಡಿ. ಮಧ್ಯಾಹ್ನ ಗಾಳಿ ಕಡಲಿನಿಂದ ಬರುತ್ತದೆ. ರಾತ್ರಿ ನೆಲದ ಕಡೆಯಿಂದ ಮೆಲ್ಲಗೆ ಬೀಸುತ್ತದೆ. ಎರಡು ಹೊತ್ತಿಗೂ ಅದು ಮಂಚದ ಮೇಲೆ ಹಾದುಹೋಗುತ್ತದೆ. ಕಿಟಕಿಯ ಕೆಳಅಂಚು ಮಂಚದ ಎತ್ತರದಲ್ಲಿರಲಿ. ತೀರಾ ಮೇಲಿದ್ದರೆ ಗಾಳಿ ತಲೆಯ ಮೇಲಿಂದಲೇ ಹೋಗುತ್ತದೆ.

ಮೂಡಣಕ್ಕೆ ಇನ್ನೊಂದು ಕೋಣೆ ಇದೆಯೇ? ಹಾಗಾದರೆ ಬಾಗಿಲ ಮೇಲೆ ತೆರೆಯುವ ವೆಂಟಿಲೇಟರ್ ಬೇಕೇ ಬೇಕು. ಆಚೆ ಕೋಣೆಯ ಕಿಟಕಿಯೂ ತೆರೆದಿರಬೇಕು.

ಪರೀಕ್ಷೆ ಸುಲಭ. ಬಾಗಿಲು ಹಾಕಿ, ಮಂಚದ ಬಳಿ ಊದುಬತ್ತಿ ಹಚ್ಚಿ. ಹೊಗೆ ಒಂದೇ ದಿಕ್ಕಿಗೆ ಬಾಗಿದರೆ ಗಾಳಿ ಹಾಯುತ್ತಿದೆ. ನೆಟ್ಟಗೆ ಏರಿದರೆ ಇಲ್ಲ. ಸೊಳ್ಳೆ ಬಲೆ ಗಾಳಿಯನ್ನು ತುಂಬಾ ತಡೆಯುತ್ತದೆ, ಅದನ್ನು ಹಾಕಿಯೇ ನೋಡಿ.