ಕಂಪನಿ ಮುಚ್ಚಿದಾಗ ನನ್ನ ಒಂಬತ್ತು ತಿಂಗಳ ಸಂಬಳ ಹೋಗಿದ್ದು ಹೇಗೆ

ಸಂಬಳ ಬಾಕಿ ಇಟ್ಟುಕೊಂಡಿರುವ ಕಂಪನಿಯಲ್ಲಿ ನೀವು ಇನ್ನೂ ಕೆಲಸ ಮಾಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ 5 ಲಕ್ಷದ 40 ಸಾವಿರ ರೂಪಾಯಿ ಬರಬೇಕಿತ್ತು. ಒಂದು ರೂಪಾಯಿಯೂ ಬರಲಿಲ್ಲ. ಕಂಪನಿಯ ಆಸ್ತಿ ಒಳ್ಳೆ ಬೆಲೆಗೇ ಮಾರಾಟವಾಯಿತು. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನಕ್ಕೆ ಪೂರ್ತಿ ಹಣ ಸಿಕ್ಕಿತು. ನನಗೆ ಸಿಗದೇ ಹೋಗಿದ್ದಕ್ಕೆ ನಾನು ನಿಂತಿದ್ದ ಸಾಲು ಕಾರಣ. ಆ ಸಾಲಿಗೆ ನಾನು ಹೇಗೆ ಬಂದೆ ಅಂತ ಹೇಳುತ್ತೇನೆ.

ನಾನು ಒಂದು ಕಾರ್ಖಾನೆಯಲ್ಲಿ ಪ್ಲಾನಿಂಗ್ ಮ್ಯಾನೇಜರ್ ಆಗಿದ್ದೆ. ತಿಂಗಳಿಗೆ 60 ಸಾವಿರ ಸಂಬಳ. 2021ರ ಅಕ್ಟೋಬರ್‌ನಿಂದ ಸಂಬಳ ನಿಂತಿತು. ದೊಡ್ಡ ಆರ್ಡರ್ ಬರುತ್ತೆ, ಬ್ಯಾಂಕ್ ಸಾಲ ಮರುಹೊಂದಾಣಿಕೆ ಆಗುತ್ತೆ ಅನ್ನುತ್ತಿದ್ದರು. ನಾವೂ ನಂಬಿ ಕೆಲಸಕ್ಕೆ ಹೋಗುತ್ತಿದ್ದೆವು. 2022ರ ಏಪ್ರಿಲ್‌ನಲ್ಲಿ ನನ್ನನ್ನು ಕರೆದು ಒಂದು ಪತ್ರ ಮುಂದಿಟ್ಟರು. ನಾಲ್ಕು ತಿಂಗಳ ಬಾಕಿಗೆ ಬದಲಾಗಿ ಕಂಪನಿಯ ಷೇರು ಕೊಡುತ್ತೇವೆ, ನಾಳೆ ಕಂಪನಿ ಎದ್ದು ನಿಂತರೆ ಇದರ ಬೆಲೆ ಹತ್ತು ಪಟ್ಟು ಆಗುತ್ತೆ ಅಂದರು. ಸಹಿ ಹಾಕಿದೆ. ಆ ಸಹಿಯಿಂದ 2 ಲಕ್ಷ 40 ಸಾವಿರ ರೂಪಾಯಿ ಸಂಬಳದ ಲೆಕ್ಕದಿಂದ ಹೊರಗೆ ಹೋಯಿತು. ಅಷ್ಟು ಹಣದ ಮಟ್ಟಿಗೆ ನಾನು ಅವತ್ತಿಂದ ನೌಕರನಲ್ಲ, ಷೇರುದಾರ.

2022ರ ಜುಲೈನಲ್ಲಿ ಬ್ಯಾಂಕಿನ ಅರ್ಜಿಯನ್ನು ಎನ್‌ಸಿಎಲ್‌ಟಿ, ಅಂದರೆ ಕಂಪನಿ ಕಾನೂನು ನ್ಯಾಯಮಂಡಳಿ, ಒಪ್ಪಿಕೊಂಡಿತು. ದಿವಾಳಿ ಪ್ರಕ್ರಿಯೆ ಶುರುವಾಯಿತು. ಅವತ್ತಿನಿಂದ ಕಂಪನಿಯ ಮೇಲೆ ಯಾರೂ ವಸೂಲಿ ಕೇಸ್ ಹಾಕುವ ಹಾಗಿಲ್ಲ, ಹಾಕಿದ್ದರೂ ಅದು ನಿಲ್ಲುತ್ತದೆ. ಮನೆ ನಡೀಬೇಕಲ್ವಾ, ನಾನು ಅದೇ ತಿಂಗಳು ರಾಜೀನಾಮೆ ಕೊಟ್ಟು ಬೇರೆ ಕಡೆ ಸೇರಿದೆ. ಕಂಪನಿಯನ್ನು ಕೊಳ್ಳುವವರು ಸಿಗುತ್ತಾರಾ ಅಂತ 14 ತಿಂಗಳು ಹುಡುಕಿದರು. ಸಿಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಲಿಕ್ವಿಡೇಷನ್ ಆದೇಶ ಬಂತು. ಅಂದರೆ ಕಂಪನಿಯನ್ನು ಮುಚ್ಚಿ, ಇರೋದನ್ನೆಲ್ಲ ಮಾರಿ, ಬಂದ ಹಣವನ್ನು ಹಂಚುವುದು. ಈ ಕೆಲಸ ಮಾಡುವವರೇ ಲಿಕ್ವಿಡೇಟರ್.

ಹಂಚುವ ಕ್ರಮ 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್‌ನಲ್ಲಿದೆ. ಮೇಲಿನ ಮೆಟ್ಟಿಲಿನವರಿಗೆ ಪೂರ್ತಿ ಕೊಟ್ಟ ಮೇಲೆ ಉಳಿದರೆ ಮಾತ್ರ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತದೆ. ಒಂದೇ ಮೆಟ್ಟಿಲಿನಲ್ಲಿ ಇರುವವರಿಗೆ ಹಣ ಸಾಲದಿದ್ದರೆ, ಅವರವರ ಬಾಕಿಯ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ಆ ಪತ್ರಕ್ಕೆ ಸಹಿ ಹಾಕುತ್ತಿರಲಿಲ್ಲ.

ನಮ್ಮ ಕಂಪನಿಯ ಲೆಕ್ಕವನ್ನೇ ಹೇಳುತ್ತೇನೆ, ಆಗ ಸುಲಭ. ಜಮೀನು, ಯಂತ್ರ ಎಲ್ಲ ಸೇರಿ 31 ಕೋಟಿ ಬಂತು. ಮೊದಲು ದಿವಾಳಿ ಪ್ರಕ್ರಿಯೆಯ ಮತ್ತು ಲಿಕ್ವಿಡೇಷನ್‌ನ ಖರ್ಚು, 2 ಕೋಟಿ. ಉಳಿದಿದ್ದು 29 ಕೋಟಿ. ಎರಡನೇ ಮೆಟ್ಟಿಲಿನಲ್ಲಿ ಇಬ್ಬರು ಸಮಸಮ ನಿಲ್ಲುತ್ತಾರೆ. ಒಬ್ಬರು ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕ್, ಅದೂ ಅಡಮಾನದ ಆಸ್ತಿಯನ್ನು ತಾನೇ ಮಾರದೆ ಲಿಕ್ವಿಡೇಟರ್‌ಗೆ ಬಿಟ್ಟುಕೊಟ್ಟಿದ್ದರೆ. ಇನ್ನೊಬ್ಬರು ಕಾರ್ಮಿಕರು, ಲಿಕ್ವಿಡೇಷನ್ ಶುರುವಾದ ದಿನಕ್ಕಿಂತ ಹಿಂದಿನ 24 ತಿಂಗಳ ಬಾಕಿಗೆ. ಬ್ಯಾಂಕಿನದು 24.5 ಕೋಟಿ, ಕಾರ್ಮಿಕರದು 2.5 ಕೋಟಿ. ಇಬ್ಬರಿಗೂ ಪೂರ್ತಿ ಸಿಕ್ಕಿ 2 ಕೋಟಿ ಉಳಿಯಿತು.

ಮೂರನೇ ಮೆಟ್ಟಿಲು ಕಾರ್ಮಿಕರಲ್ಲದ ನೌಕರರದು. ಅಂದರೆ ನನ್ನಂಥ ಮ್ಯಾನೇಜರ್‌ಗಳದು. ಇಲ್ಲಿ 24 ತಿಂಗಳಲ್ಲ, 12 ತಿಂಗಳ ಬಾಕಿ ಮಾತ್ರ. ಇದಕ್ಕೆ 80 ಲಕ್ಷ ಹೋಯಿತು, ಈ ಸಾಲಿನವರಿಗೂ ಪೂರ್ತಿ ಸಿಕ್ಕಿತು. ನಾಲ್ಕನೇ ಮೆಟ್ಟಿಲಿನಲ್ಲಿ ಅಡಮಾನ ಇಲ್ಲದೆ ಸಾಲ ಕೊಟ್ಟವರು. ಅವರಿಗೆ 6 ಕೋಟಿ ಬರಬೇಕಿತ್ತು, ಉಳಿದಿದ್ದು 1 ಕೋಟಿ 20 ಲಕ್ಷ. ರೂಪಾಯಿಗೆ 20 ಪೈಸೆಯಂತೆ ಹಂಚಿಕೊಂಡರು. ಅಲ್ಲಿಗೆ ಖಜಾನೆ ಖಾಲಿ. ಅದರ ಕೆಳಗೆ ಸರ್ಕಾರದ ಬಾಕಿ, ಅಡಮಾನ ಮಾರಿಕೊಂಡೂ ಪೂರ್ತಿ ಬರದ ಸಾಲದ ಉಳಿಕೆ. ಅದರ ಕೆಳಗೆ ಉಳಿದೆಲ್ಲ ಬಾಕಿ. ಮಾಲು ಕೊಟ್ಟು ಬಿಲ್ಲಿಗೆ ಕಾಯುತ್ತಿದ್ದ ಸಪ್ಲೈಯರ್‌ಗಳು ಬರುವುದು ಇಲ್ಲೇ. ನಮಗೆ ಹತ್ತು ವರ್ಷ ರಟ್ಟಿನ ಪೆಟ್ಟಿಗೆ ಕೊಟ್ಟವರೊಬ್ಬರು ಇದ್ದರು. ಕೊನೆಯ ನಾಲ್ಕು ತಿಂಗಳ ಮಾಲನ್ನು ಪೂರ್ತಿ ಕಡದ ಮೇಲೆ ಕೊಟ್ಟಿದ್ದರು. ಅವರ ಮುಖ ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಎಲ್ಲಕ್ಕಿಂತ ಕೆಳಗೆ ಷೇರುದಾರರು. ಅವರಲ್ಲೂ ಮೊದಲು ಪ್ರಿಫರೆನ್ಸ್ ಷೇರಿನವರು, ಕಟ್ಟಕಡೆಗೆ ಸಾಮಾನ್ಯ ಷೇರಿನವರು.

ಈಗ ನೋಡಿ. ಮೂರನೇ ಮೆಟ್ಟಿಲಿನವರಿಗೆ ಪೂರ್ತಿ ಸಿಕ್ಕಿದೆ, ನಾನೂ ಮ್ಯಾನೇಜರ್, ಹಾಗಾದರೆ ನನ್ನ ಹಣ ಎಲ್ಲಿ? ಷೇರಾಗಿ ಬದಲಾದ 2 ಲಕ್ಷ 40 ಸಾವಿರ ಕೊನೆಯ ಮೆಟ್ಟಿಲಿಗೆ ಹೋಗಿತ್ತು, ಅದು ಸರಿ. ಉಳಿದ ಐದು ತಿಂಗಳ 3 ಲಕ್ಷ? ಲಿಕ್ವಿಡೇಟರ್ ಕಚೇರಿಯಲ್ಲಿದ್ದ ಹುಡುಗ ಕ್ಯಾಲೆಂಡರ್ ತೆಗೆದು ತೋರಿಸಿದ.

"ಸರ್, 12 ತಿಂಗಳನ್ನು ಲಿಕ್ವಿಡೇಷನ್ ಆದೇಶದ ದಿನದಿಂದ ಹಿಂದಕ್ಕೆ ಎಣಿಸಬೇಕು. ದಿವಾಳಿ ಅರ್ಜಿ ಒಪ್ಪಿದ ದಿನದಿಂದ ಅಲ್ಲ."

2023ರ ಸೆಪ್ಟೆಂಬರ್‌ನಿಂದ 12 ತಿಂಗಳು ಹಿಂದೆ ಹೋದರೆ 2022ರ ಸೆಪ್ಟೆಂಬರ್. ನನ್ನ ಬಾಕಿ ಎಲ್ಲ 2022ರ ಜೂನ್‌ಗೇ ಮುಗಿದಿತ್ತು. ಖರೀದಿದಾರರನ್ನು ಹುಡುಕಿದ ಆ 14 ತಿಂಗಳೇ ನನ್ನ 12 ತಿಂಗಳನ್ನು ನುಂಗಿಬಿಟ್ಟಿದ್ದವು. ನನ್ನ 3 ಲಕ್ಷ "ಉಳಿದೆಲ್ಲ ಬಾಕಿ" ಅನ್ನುವ ಸಾಲಿಗೆ ಜಾರಿ, ರಟ್ಟಿನ ಪೆಟ್ಟಿಗೆಯವರ ಪಕ್ಕ ನಿಂತಿತ್ತು. ಇದನ್ನು ನನಗೆ ಮೊದಲು ಯಾರೂ ಹೇಳಿರಲಿಲ್ಲ. ದಿವಾಳಿ ಶುರುವಾದ ದಿನಕ್ಕೆ ಬಾಕಿ ಗಟ್ಟಿಯಾಗಿ ನಿಂತುಬಿಡುತ್ತೆ ಅಂತಲೇ ನಾವೆಲ್ಲ ತಿಳಿದಿದ್ದೆವು.

ಹಾಗಾದರೆ ಆ 80 ಲಕ್ಷ ಯಾರಿಗೆ ಹೋಯಿತು? ರಾಜೀನಾಮೆ ಕೊಡದೆ ಪಟ್ಟಿಯಲ್ಲೇ ಉಳಿದು, ಕೆಲಸಕ್ಕೆ ಕರೆಯದ ಕಾರಣ ಮನೆಯಲ್ಲಿದ್ದ ಮ್ಯಾನೇಜರ್‌ಗಳಿಗೆ. ಅವರ ಕೊನೆಯ 12 ತಿಂಗಳು ಲೆಕ್ಕದೊಳಗೆ ಬಂತು. ದಿವಾಳಿ ಪ್ರಕ್ರಿಯೆ ನಡೆಯುವಾಗ ನಿಜವಾಗಿ ಕೆಲಸಕ್ಕೆ ಹೋದ ಕೆಲವರ ಆ ಅವಧಿಯ ಸಂಬಳ ಇನ್ನೂ ಮೇಲೆ, ಪ್ರಕ್ರಿಯೆಯ ಖರ್ಚಿನಲ್ಲೇ ಸೇರಿತು. ಕಂಪನಿಯನ್ನು ನಡೆಸಿಕೊಂಡು ಹೋದ ಅವಧಿಯಲ್ಲಿ ದುಡಿದವರಿಗೆ ಮಾತ್ರ ಹೀಗೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ನೀವು ರಾಜೀನಾಮೆ ಕೊಡಬೇಡಿ ಅಂತ ನಾನು ಹೇಳುವುದಿಲ್ಲ. ಹೊಟ್ಟೆಪಾಡು ಮುಖ್ಯ. ನನ್ನ ತಪ್ಪು ಒಂಬತ್ತು ತಿಂಗಳು ಕಾದಿದ್ದು. ಮೂರನೇ ತಿಂಗಳಿಗೇ ಹೊರಟಿದ್ದರೆ ಕಳೆದುಕೊಳ್ಳುತ್ತಿದ್ದುದು ಮೂರು ತಿಂಗಳ ಸಂಬಳ ಮಾತ್ರ.

ನಮ್ಮ ಕಂಪನಿಯ ಜಮೀನಿಗೆ ಒಳ್ಳೆ ಬೆಲೆ ಬಂದಿದ್ದರಿಂದ ಹಣ ಮೂರನೇ ಮೆಟ್ಟಿಲು ದಾಟಿತು ಅನ್ನುವುದನ್ನೂ ನೆನಪಿಡಿ. 31ರ ಬದಲು 20 ಕೋಟಿ ಬಂದಿದ್ದರೆ? ಖರ್ಚು ಕಳೆದು 18 ಕೋಟಿ. ಬ್ಯಾಂಕ್ ಮತ್ತು ಕಾರ್ಮಿಕರಿಗೆ ಸೇರಿ 27 ಕೋಟಿ ಬೇಕು. ಇಬ್ಬರಿಗೂ ಮೂರರಲ್ಲಿ ಎರಡು ಪಾಲು. ಮ್ಯಾನೇಜರ್‌ಗಳಿಗೆ ಸೊನ್ನೆ. ಕೊನೆಯ 12 ತಿಂಗಳು ಲೆಕ್ಕದಲ್ಲಿದ್ದರೂ ಸೊನ್ನೆಯೇ.

ಅದಕ್ಕೇ ಕಾರ್ಮಿಕನೋ ಅಲ್ಲವೋ ಅನ್ನುವ ಪ್ರಶ್ನೆ ಅಷ್ಟು ದೊಡ್ಡದು. ಇದನ್ನು ನೇಮಕ ಪತ್ರದಲ್ಲಿರುವ ಹುದ್ದೆಯ ಹೆಸರು ತೀರ್ಮಾನಿಸುವುದಿಲ್ಲ, ನೀವು ಮಾಡುವ ಕೆಲಸ ತೀರ್ಮಾನಿಸುತ್ತದೆ. ನಮ್ಮಲ್ಲಿ ಒಬ್ಬರಿಗೆ ಸೂಪರ್‌ವೈಸರ್ ಅಂತ ಹೆಸರಿತ್ತು. ದಿನಪೂರ್ತಿ ಯಂತ್ರದ ಮುಂದೆ ನಿಂತು ತಾವೇ ಓಡಿಸುತ್ತಿದ್ದರು. ಲಿಕ್ವಿಡೇಟರ್ ಮೊದಲು ಅವರನ್ನು ಮೂರನೇ ಮೆಟ್ಟಿಲಿಗೆ ಹಾಕಿದರು. ಅವರು ಶಿಫ್ಟ್ ರಿಜಿಸ್ಟರ್, ಯಂತ್ರದ ಲಾಗ್ ಬುಕ್‌ನ ಫೋಟೋ ಕೊಟ್ಟರು. ಪ್ರತಿ ಪುಟದಲ್ಲೂ ಆಪರೇಟರ್ ಜಾಗದಲ್ಲಿ ಅವರದೇ ಸಹಿ. ಅವರನ್ನು ಕಾರ್ಮಿಕರ ಪಟ್ಟಿಗೆ ಸೇರಿಸಿದರು. ಅವರು ರಾಜೀನಾಮೆ ಕೊಟ್ಟಿದ್ದು ನನ್ನ ಜೊತೆಗೇ. ಬಾಕಿ ಇದ್ದದ್ದೂ ಅದೇ ಅವಧಿಯದು, 1 ಲಕ್ಷ 32 ಸಾವಿರ. 24 ತಿಂಗಳ ಲೆಕ್ಕವಾದ್ದರಿಂದ ಪೂರ್ತಿ ಬಂತು. ಅಕಸ್ಮಾತ್ ಲಿಕ್ವಿಡೇಟರ್ ಒಪ್ಪದಿದ್ದರೆ, ಆ ತೀರ್ಮಾನ ಕೈಸೇರಿದ 14 ದಿನದೊಳಗೆ ಎನ್‌ಸಿಎಲ್‌ಟಿಗೆ ಮೇಲ್ಮನವಿ ಹಾಕಬೇಕಿತ್ತು.

ನನಗೆ ಬಂದದ್ದು ಒಂದೇ, ಪಿಎಫ್ ಹಣ. ಏಳು ತಿಂಗಳು ನಮ್ಮ ಪಿಎಫ್ ಕಟ್ಟಿರಲಿಲ್ಲ. ಪಿಎಫ್, ಪೆನ್ಷನ್, ಗ್ರಾಚ್ಯುಟಿ ನಿಧಿಗಳಿಂದ ನೌಕರರಿಗೆ ಬರಬೇಕಾದ ಹಣ ಈ ಹಂಚಿಕೆಯ ಗುಡ್ಡೆಗೇ ಸೇರುವುದಿಲ್ಲ. ಬ್ಯಾಂಕ್ ಕೂಡ ಅದನ್ನು ಮುಟ್ಟುವ ಹಾಗಿಲ್ಲ. ಪಿಎಫ್ ಕಚೇರಿ ಪಟ್ಟು ಹಿಡಿದು ಕೇಳಿತು, ಹಣ ಖಾತೆಗೆ ಬಂತು. ಗ್ರಾಚ್ಯುಟಿ ವಿಷಯ ಮಾತ್ರ ಹುಷಾರು. ಕಂಪನಿ ಅದಕ್ಕೆ ಬೇರೆ ನಿಧಿ ಇಟ್ಟಿಲ್ಲದಿದ್ದರೆ ತಕರಾರು ಎದ್ದೇ ಏಳುತ್ತದೆ.

ಈಗ ನಿಮ್ಮ ಸಂಬಳ ತಡವಾಗುತ್ತಿದ್ದರೆ ಇವತ್ತೇ ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಸ್ಲಿಪ್‌ನಲ್ಲಿ ಕಡಿತ ಇದ್ದು ಪಾಸ್‌ಬುಕ್‌ನಲ್ಲಿ ಜಮಾ ಇಲ್ಲದಿದ್ದರೆ ಕಂಪನಿಯ ಕೈಯಲ್ಲಿ ದುಡ್ಡಿಲ್ಲ ಅಂತಲೇ ಲೆಕ್ಕ. ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿ ಚಾರ್ಜ್‌ಗಳ ಪಟ್ಟಿ ನೋಡಬಹುದು. ಯಾವ ಬ್ಯಾಂಕಿಗೆ ಎಷ್ಟು ಸಾಲಕ್ಕೆ ಅಡಮಾನ ಆಗಿದೆ ಅಂತ ಅಲ್ಲಿ ಇರುತ್ತದೆ. ಜಮೀನು, ಯಂತ್ರ, ಸ್ಟಾಕ್, ಬರಬೇಕಾದ ಬಿಲ್ಲು ಎಲ್ಲದರ ಮೇಲೂ ಚಾರ್ಜ್ ಇದ್ದರೆ, ನಿಮ್ಮ ಪಾಲಿಗೆ ಏನು ಉಳಿಯಬಹುದು ಅಂತ ನೀವೇ ಅಂದಾಜು ಮಾಡಬಹುದು.

ಬಾಕಿ ಸಂಬಳವನ್ನು ಷೇರು ಮಾಡಿಕೊಳ್ಳಿ, ಸಾಲ ಅಂತ ಬರೆದುಕೊಡಿ, ಸದ್ಯಕ್ಕೆ "ಪೂರ್ತಿ ಸಂದಾಯವಾಗಿದೆ" ಅಂತ ಸಹಿ ಹಾಕಿ ಅಂದರೆ ಒಪ್ಪಬೇಡಿ. ಸಂಬಳ ಸಂಬಳವಾಗಿಯೇ ಇರಲಿ. ಸಂಬಳ ಸ್ಲಿಪ್, ಹಾಜರಿ, ಬಾಕಿ ಒಪ್ಪಿಕೊಂಡ ಇಮೇಲ್ ಎಲ್ಲವನ್ನೂ ಈಗಲೇ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಲಿಕ್ವಿಡೇಟರ್ ಬಂದ ದಿನ ಕಂಪನಿಯ ಸರ್ವರ್ ಬಂದ್ ಆಗಿತ್ತು, ನಮ್ಮಲ್ಲಿ ಅನೇಕರಿಗೆ ಒಂದು ಸ್ಲಿಪ್ ಕೂಡ ಸಿಗಲಿಲ್ಲ. ದಿವಾಳಿ ಶುರುವಾದಾಗ ಒಮ್ಮೆ ಕ್ಲೇಮ್ ಕೇಳುತ್ತಾರೆ. ನಮ್ಮಲ್ಲಿ ಲಿಕ್ವಿಡೇಷನ್ ಆದಾಗ ಮತ್ತೆ ಕೇಳಿದರು, ಅದಕ್ಕೆ 30 ದಿನ ಗಡುವು ಇತ್ತು. ಪ್ರಕಟಣೆ ಪತ್ರಿಕೆಯಲ್ಲಿ ಒಂದು ಸಣ್ಣ ಚೌಕದಲ್ಲಿ ಬರುತ್ತದೆ, ಮನೆಗೆ ಪತ್ರ ಬರುತ್ತೆ ಅಂತ ಕಾಯಬೇಡಿ. ಕೆಲಸ ಬಿಟ್ಟವರಿಗಂತೂ ಗೊತ್ತೇ ಆಗುವುದಿಲ್ಲ. ಒಳಗೆ ಇರುವ ಯಾರಾದರೂ ಒಬ್ಬರ ನಂಬರ್ ಇಟ್ಟುಕೊಂಡು, ತಿಂಗಳಿಗೊಮ್ಮೆಯಾದರೂ ಫೋನ್ ಮಾಡಿ ಕೇಳುತ್ತಿರಿ.